ಬುಸ್ಸಪ್ಪನ ಐದನೇ ಕಾಲು

ಅರೇಬಿಕಾ ಕುಯ್ಲಿನ ಹೊತ್ತಿಗೆ ಅಕ್ಕನ ಮನೆಗೆ ಹೋಗುವುದು ನನ್ನ ಹಳೇ ಅಭ್ಯಾಸ. ಸಹಾಯಕ್ಕೆ ಅಂತ ಹೆಸರು. ನಿಜ ಹೇಳಬೇಕೆಂದರೆ ಆಲ್ದೂರಿನ ಆ ಮನೆಯಲ್ಲಿ ನನ್ನನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಒಮ್ಮೆ ಕಣದಲ್ಲಿ ಕಾಫಿ ಹರಡಲು ಹೋಗಿ, ಒಣಗಿದ್ದನ್ನೂ ಹಸಿಯನ್ನೂ ಬೆರೆಸಿಬಿಟ್ಟಿದ್ದೆ. ಆವತ್ತಿನಿಂದ ಜಗುಲಿಯೇ ನನ್ನ ಜಾಗ.

ಆ ಜಗುಲಿಯ ಮೇಲೇ ಅಕ್ಕನ ಮಗಳು ಇಂಚರ ಹೊಟ್ಟೆ ಅಡಿಯಾಗಿ ಮಲಗಿ, ಮುಗಿದುಹೋದ ನವೆಂಬರ್ ತಿಂಗಳ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಕ್ರೆಯಾನ್ ಉಜ್ಜುತ್ತಿದ್ದಳು. ಎರಡನೇ ಕ್ಲಾಸು. ಮುಂದಿನ ಎರಡು ಹಲ್ಲಿಲ್ಲ.

"ಹಲ್ಲಿನಾ ಪುಟ್ಟಿ?" ಅಂದರು ಅವಳ ಅಜ್ಜಿ.

"ಡ್ರ್ಯಾಗನ್. ಹೆಸರು ಬುಸ್ಸಪ್ಪ."

ಕೆಂಪು ಮೈ, ಹೊಟ್ಟೆಗೆ ಹಳದಿ ಪಟ್ಟೆ, ಕಪ್ಪು ಕೊಡೆ ಬಿಚ್ಚಿಟ್ಟ ಹಾಗೆ ರೆಕ್ಕೆ. ಬಾಯಲ್ಲಿ ಒಂದೇ ಹಲ್ಲು. ಕೆಂಪಿನ ಮೇಲೆ ಹಳದಿ ಎಳೆದಲ್ಲೆಲ್ಲ ಮೇಣ ಮೆತ್ತಿಕೊಂಡು ಚರ್ಮಕ್ಕೆ ಒಂಥರಾ ಒರಟುತನ ಬಂದಿತ್ತು. ನಾವು ಮೂವರು ಗೆಳೆಯರು ಶನಿವಾರ ಭಾನುವಾರ ಕೂತು ಒಂದು ಮೊಬೈಲ್ ಗೇಮ್ ಮಾಡುತ್ತಿದ್ದೆವು. ಅದರ ಎರಡನೇ ಹಂತದ ಕೊನೆಗೆ ಬೆಟ್ಟ ಕಾಯುವ ಒಂದು ಪ್ರಾಣಿ ಬೇಕಿತ್ತು. ಎಂಟು ತಿಂಗಳಿಂದ ಏನು ಬರೆದರೂ ಎಲ್ಲೋ ನೋಡಿದ ಡ್ರ್ಯಾಗನ್ನಿನ ಹಾಗೇ ಕಾಣುತ್ತಿತ್ತು. ಇದು ಯಾರ ಹಾಗೂ ಇರಲಿಲ್ಲ.

"ಇದನ್ನ ನಂಗೆ ಕೊಡ್ತೀಯಾ? ಗೇಮಲ್ಲಿ ಹಾಕ್ತೀನಿ."

"ಕೊಡಲ್ಲ. ಬೇಕಾದ್ರೆ ಫೋಟೊ ತಗೋ."

ಕ್ರೆಯಾನ್ ಚಿತ್ರದ ಫೋಟೊ ತೆಗೆಯುವುದೂ ಸುಲಭವಲ್ಲ. ಬಿಸಿಲಿಗೆ ಹಿಡಿದರೆ ಮೇಣ ಹೊಳೆದು ಬಣ್ಣವೇ ಬಿಳಿಚುತ್ತದೆ. ಮೋಡ ಕವಿಯುವವರೆಗೆ ಕಾದು, ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕು ಮೂಲೆಗೂ ಕಾಫಿಹಣ್ಣು ತುಂಬಿದ ಲೋಟ ಇಟ್ಟು ತೆಗೆದೆ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಪೆನ್ ಟ್ಯಾಬ್ಲೆಟ್ ಬಿಚ್ಚಿದೆ. ಫೋಟೊವನ್ನು ಕೆಳಗಿನ ಲೇಯರಿಗೆ ಹಾಕಿ ಮಬ್ಬು ಮಾಡಿ, ಮೇಲೆ ಹೊಸ ಲೇಯರಿನಲ್ಲಿ ಗೆರೆ ಎಳೆದೆ. ಇನ್ನೊಂದರಲ್ಲಿ ಮೂಲ ಬಣ್ಣ, ಅದರ ಮೇಲಿನದ್ದರಲ್ಲಿ ನೆರಳು. ಬೆನ್ನ ಅಂಚಿಗೆ ಬೆಟ್ಟದ ಹಿಂದಿನಿಂದ ಬೀಳುವ ಬೆಳಕಿನ ಒಂದು ತೆಳು ಎಳೆ. ಪೊರೆಯಂಥ ಹುರುಪೆಗಳನ್ನು ಒಂದೊಂದಾಗಿ ಕೂರಿಸಿದೆ. ಕೊಡೆಯ ರೆಕ್ಕೆಗೆ ಬಾವಲಿ ರೆಕ್ಕೆಯ ಮೂಳೆ ಕೊಟ್ಟೆ. ಕೈ ಓಡುತ್ತಿದ್ದಾಗ ಲೆಕ್ಕ ಯಾರಿಗೆ ನೆನಪಿರುತ್ತದೆ? ನಾಲ್ಕು ಕಾಲು ಬರೆದೆ. ಹಿಂದೆ, ಬಾಲದ ಬುಡದಲ್ಲಿ ಇನ್ನೊಂದು ಕೆಂಪು ಗೀಟು ಇದ್ದದ್ದು ಕೈ ಜಾರಿದ್ದಿರಬೇಕು ಅಂದುಕೊಂಡೆ. ಬೆಳಗಿನ ಜಾವ ಮೂರಕ್ಕೆ ಮುಗಿಯಿತು. ಹೇಳಬಾರದು, ನನ್ನ ಕೆಲಸ ನೋಡಿ ನನಗೇ ಹೆಮ್ಮೆ ಆಯಿತು.

ಬೆಳಿಗ್ಗೆ ಲ್ಯಾಪ್‌ಟಾಪ್ ಸುತ್ತ ಮನೆಯೆಲ್ಲ ಸೇರಿತು. ಅಕ್ಕ "ಅಯ್ಯೋ ದೇವ್ರೇ" ಅಂದಳು. ಅಜ್ಜಿ ಕನ್ನಡಕ ತಂದರು. ಇಂಚರ ಪರದೆಗೆ ಮೂಗು ತಾಗಿಸಿ ನೋಡಿ, "ಇದು ನಿಜವಾಗ್ಲೂ ಕಚ್ಚುತ್ತೆ" ಅಂತ ಮೆಚ್ಚಿಕೊಂಡಳು. ಆಮೇಲೆ ಬೆರಳಿಟ್ಟು ಎಣಿಸಿದಳು. ಎರಡನೇ ಸಲ ಎಣಿಸಿದಳು. ಮೂಟೆ ಲೆಕ್ಕದಲ್ಲಿ ಒಂದು ಕಡಿಮೆ ಬಂದಾಗ ಅವಳಪ್ಪ ತೋಟದ ಲೆಕ್ಕ ಬರೆಯುವ ರೈಟರ್ ಮುಖ ನೋಡುತ್ತಾರಲ್ಲ, ಹಾಗೆ ನನ್ನ ಮುಖ ನೋಡಿದಳು.

"ಇನ್ನೊಂದು ಕಾಲು ಎಲ್ಲಿ?"

"ಪ್ರಾಣಿಗಳಿಗೆ ನಾಲ್ಕೇ ಕಾಲು ಪುಟ್ಟಿ."

"ಜೇಡಕ್ಕೆ ಎಂಟು."

"ಅದು ಕೀಟ."

"ಜೇಡ ಕೀಟ ಅಲ್ಲ ಕಣೋ," ಭಾವ ಅಡಿಗೆಮನೆಯಿಂದಲೇ ತಿದ್ದಿದರು. ಸೋತದ್ದು ಅಲ್ಲಿಗೇ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ.

ಅವಳಿಗೆ ತಿಳಿಹೇಳುವ ಹುಮ್ಮಸ್ಸಿನಲ್ಲಿ ಮಾರನೇ ದಿನ ಜೀಪಿನಲ್ಲಿ ಎಲ್ಲರನ್ನೂ ಹಳೇಬೀಡಿಗೆ ಹೊರಡಿಸಿದೆ. ಹೊಯ್ಸಳೇಶ್ವರನ ಗೋಡೆಯ ಬುಡದಲ್ಲಿ ಆನೆ ಸಾಲು, ಸಿಂಹದ ಸಾಲು, ಬಳ್ಳಿ, ಕುದುರೆ ಅಂತ ಮೇಲೇರುತ್ತಾ ಹೋದರೆ ಮಕರದ ಸಾಲು ಸಿಗುತ್ತದೆ, ಅದರ ಮೇಲೆ ಹಂಸ. ಕಲ್ಪನೆಯ ಪ್ರಾಣಿಗೂ ಒಂದು ಶಿಸ್ತು ಇರುತ್ತದೆ ಅಂತ ತೋರಿಸುವುದು ನನ್ನ ಉದ್ದೇಶ.

"ಈ ಕಲ್ಲು ಯಾವ್ದು ಗೊತ್ತಾ? ಬಳಪದ ಕಲ್ಲು."

"ಸ್ಲೇಟಿಗೆ ಬರೆಯೋ ಬಳಪಾನಾ? ಇಷ್ಟು ದೊಡ್ಡದಾ?" ಅವಳಿಗೆ ಮಕರ ಮರೆತೇಹೋಯಿತು. ಗೋಡೆ ಮುಟ್ಟಿ, ಬೆರಳು ಬೆಳ್ಳಗಾಯಿತಾ ಅಂತ ನೋಡಿಕೊಂಡಳು. ಕಾವಲುಗಾರ ದೂರದಿಂದಲೇ ಸೀಟಿ ಊದಿದ.

ಮತ್ತೆ ಕರೆತಂದು ಮಕರದ ಮುಂದೆ ನಿಲ್ಲಿಸಿದೆ. "ನೋಡು, ಮೊಸಳೆ ಬಾಯಿ."

"ಇದು ಸೊಂಡ್ಲು ಅಲ್ವಾ? ಆನೇದು?"

"ಹೂಂ, ಆನೇದು."

"ಕಾಲು?"

"ಸಿಂಹದ್ದು ಅಂತಾರೆ."

"ಬಾಲ ನವಿಲಿಂದು," ಅವಳೇ ಹೇಳಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ತೀರಾ ಮೆತ್ತಗೆ ಕೇಳಿದಳು: "ಇವ್ರ ಮಾವ ಯಾರೂ ಬೈಲಿಲ್ವಾ?"

ಭಾವ ನಕ್ಕ ಸದ್ದಿಗೆ ಪಾರಿವಾಳಗಳು ಎದ್ದವು.

ವಾಪಸು ಬರುವಾಗ ಆಲ್ದೂರಿಗೆ ಮುಂಚಿನ ಏರಿನಲ್ಲಿ ಅಕ್ಕನಿಗೆ ಕಾಫಿ ಕುಡಿಯಬೇಕು ಅನ್ನಿಸಿತು. ಎಸ್ಟೇಟಿನವರಿಗೆ ಅಂಗಡಿ ಕಾಫಿ ಮೇಲೆ ಅದೇನು ಆಸೆಯೋ. ಜೀಪಿನ ಹ್ಯಾಂಡ್‌ಬ್ರೇಕ್ ಹೆಸರಿಗಷ್ಟೇ. ನಿಂತಕೂಡಲೇ ಇಂಚರ ಯಾರೂ ಹೇಳುವ ಮೊದಲೇ ಕೆಳಗೆ ಹಾರಿ, ಸೀಟಿನಡಿಯ ಕಲ್ಲು ಎಳೆದು, ಹಿಂದಿನ ಚಕ್ರಕ್ಕೆ ಕೊಟ್ಟಳು. ಕಾಲಿನಿಂದ ಒಮ್ಮೆ ಒದ್ದು ಗಟ್ಟಿಯಿದೆಯಾ ನೋಡಿದಳು. ಕೈ ಲಂಗಕ್ಕೆ ಒರೆಸಿಕೊಂಡು ನನ್ನ ಕಡೆ ತಿರುಗಿ ಅಂದಳು:

"ಬುಸ್ಸಪ್ಪ ಬೆಟ್ಟದ ಮೇಲಲ್ವಾ ಇರೋದು. ಕಲ್ಲು ಯಾರು ಕೊಡ್ತಾರೆ ಅವನಿಗೆ?"

ನನ್ನ ಲೋಟದ ಕಾಫಿ ಹಾಗೇ ಆರಿತು. ನಮ್ಮ ಗೇಮಿನಲ್ಲಿ ಆ ಪ್ರಾಣಿ ಕಡಿದಾದ ಇಳಿಜಾರಿನಲ್ಲಿ ನಿಂತು ಕಾಯಬೇಕು. ಹೇಗೆ ಬರೆದರೂ ಜಾರುತ್ತಿರುವ ಹಾಗೇ ಕಾಣುತ್ತದೆ ಅಂತ ಎಂಟು ತಿಂಗಳಿಂದ ಮೂವರೂ ತಲೆ ಚಚ್ಚಿಕೊಂಡಿದ್ದೆವು.

ಅವತ್ತು ರಾತ್ರಿ ಅವಳ ಹಾಳೆಯನ್ನು ಮತ್ತೆ ಕೇಳಿ ಪಡೆದು, ದೀಪದಡಿ ಹಿಡಿದು ನೋಡಿದೆ. ಕೈ ಜಾರಿದ ಗೀಟಲ್ಲ ಅದು. ಉಳಿದ ನಾಲ್ಕಕ್ಕಿಂತ ಅದನ್ನೇ ಒತ್ತಿ ಬರೆದಿದ್ದಳು, ಹಾಳೆಯ ಹಿಂದೆ ಉಬ್ಬು ಎದ್ದಿತ್ತು. ಕಾಲು ಹಾಕಿದೆ. ಹುರುಪೆಗಳನ್ನು ಅರ್ಧಕ್ಕರ್ಧ ಅಳಿಸಿ, ಅವಳ ಮೇಣದ ಒರಟನ್ನು ಫೋಟೊದಿಂದಲೇ ಎತ್ತಿ ಮೈಗೆ ಹೊದಿಸಿದೆ. ಬಾವಲಿ ಮೂಳೆ ತೆಗೆದು ಕೊಡೆಯ ಕಡ್ಡಿ ಇಟ್ಟೆ.

ಆದರೆ ನಡೆಸುವುದು ಹೇಗೆ? ನಾಲ್ಕು ಕಾಲಿನ ನಡಿಗೆಗೆ ಎಂಟು ಫ್ರೇಮು ಸಾಕು. ನಾಯಿ, ದನ, ಕುದುರೆ ನೋಡಿ ಕಲಿತದ್ದು. ಐದು ಕಾಲಿನದ್ದನ್ನು ಯಾರನ್ನು ನೋಡಿ ಬರೆಯಲಿ? ಐದನೆಯದನ್ನು ಉಳಿದವುಗಳ ಜೊತೆಗೇ ಎತ್ತಿದರೆ ಕುಂಟುವ ಹಾಗೆ, ಎತ್ತದಿದ್ದರೆ ಎಳೆದುಕೊಂಡು ಹೋಗುವ ಹಾಗೆ ಕಾಣುತ್ತಿತ್ತು.

"ತೋರಿಸ್ತೀನಿ ಬಾ," ಅಂದಳು ಬೆಳಿಗ್ಗೆ.

ಕಣದಿಂದ ಮನೆಗೆ ಏರುವ ಇಳಿಜಾರಿನಲ್ಲಿ, ಅಜ್ಜಿಯ ಹಳೇ ಸೀರೆಯ ತುಂಡಿನಿಂದ ಸೊಂಟದ ಹಿಂದಕ್ಕೆ ಮಡಚಿದ ಕೊಡೆ ಕಟ್ಟಿಸಿಕೊಂಡು, ಕೈ ಕಾಲು ಊರಿ ಹತ್ತತೊಡಗಿದಳು. ಒಂದು ಕೈ, ಎದುರು ಕಾಲು, ಇನ್ನೊಂದು ಕೈ, ಇನ್ನೊಂದು ಕಾಲು. ನಾಲ್ಕೂ ಆದಮೇಲೆ ಸೊಂಟ ಇಳಿಸಿ ಕೊಡೆಯ ತುದಿಯನ್ನು ನೆಲಕ್ಕೆ ಟಕ್ ಅಂತ ಕುಟ್ಟುವುದು. ಉಸಿರು. ಮತ್ತೆ ಕೈ. ನಾನು ಮೊಬೈಲ್ ಹಿಡಿದು ಪಕ್ಕದಲ್ಲೇ ಏಡಿಯ ಹಾಗೆ ಅಡ್ಡ ನಡೆದೆ. ಕೆಳಗಿನಿಂದ ಅಜ್ಜಿ, "ಕಾಫಿ ತುಳಿದೀರ, ಇಬ್ರಿಗೂ ಬುದ್ಧಿ ಇಲ್ಲ" ಅಂತ ಕೂಗುತ್ತಿದ್ದರು.

ಅರ್ಧ ಏರಿನಲ್ಲಿ, ಸಾಕು ಅನ್ನಿಸಿ ಮೊಬೈಲ್ ಇಳಿಸಿದೆ.

"ತಡಿ ಮಾವ, ನಿಲ್ಲಿಸ್ಬೇಡ," ಅಂದಳು, ತಲೆ ಎತ್ತದೆ. "ಬುಸ್ಸಪ್ಪ ಇನ್ನೂ ಕಾಲು ಊರಿಲ್ಲ."