ತಾರಸಿ ಸೋಲಾರ್: ಎ ಕಂಪನಿ ಮುಂದಿದೆ, ಆದರೆ 0.17 ಅಂಕದಿಂದ ಮಾತ್ರ

ಸ್ಲೈಡ್ 4. ವಿಶೇಷ ಸಾಮಾನ್ಯ ಸಭೆ, ಭಾನುವಾರ ಬೆಳಗ್ಗೆ 10.30, ಕ್ಲಬ್ ಹೌಸ್

84 ಮನೆ, 40 ಕಿಲೋವ್ಯಾಟ್. ಲಿಫ್ಟ್, ನೀರಿನ ಪಂಪು, ಎಸ್‌ಟಿಪಿ, ಕಾರಿಡಾರ್ ದೀಪಕ್ಕೆ. ದರ ಎಲ್ಲ ತೆರಿಗೆ ಸೇರಿ, ಸಬ್ಸಿಡಿ ಕಳೆಯುವ ಮುಂಚೆ. ಅಂಕ 10ಕ್ಕೆ. ಬ್ರಾಕೆಟ್‌ನಲ್ಲಿರುವುದು ತೂಕ ಹಾಕಿದ ಮೇಲಿನ ಅಂಕ.

| ಏನು ನೋಡಿದೆವು | ತೂಕ | ಎ | ಬಿ | ಸಿ |
|---|---|---|---|---|
| ದರ | 30 | 8.7 (2.61) | 10 (3.00) | 7.8 (2.34) |
| ಪ್ಯಾನೆಲ್, ಇನ್ವರ್ಟರ್ ವಾರಂಟಿ | 20 | 8 (1.60) | 6 (1.20) | 9 (1.80) |
| ಆಮೇಲಿನ ಸರ್ವಿಸ್ | 20 | 9 (1.80) | 5 (1.00) | 7 (1.40) |
| ಅಪಾರ್ಟ್‌ಮೆಂಟ್‌ಗಳಲ್ಲಿ ಅನುಭವ | 15 | 8 (1.20) | 6 (0.90) | 9 (1.35) |
| ತಾರಸಿಗೆ ಹಾನಿಯಾಗದ ಕೆಲಸ | 10 | 7 (0.70) | 5 (0.50) | 9 (0.90) |
| ಹಣ ಕೊಡುವ ಕಂತು | 5 | 6 (0.30) | 8 (0.40) | 5 (0.25) |
| ಒಟ್ಟು | 100 | 8.21 | 7.00 | 8.04 |

ದರ: ಎ 21.20 ಲಕ್ಷ, ಬಿ 18.40 ಲಕ್ಷ, ಸಿ 23.60 ಲಕ್ಷ.

ತೂಕ ನಿಗದಿಯಾದದ್ದು ಕೊಟೇಶನ್ ಕವರ್ ತೆರೆಯುವ ಮುಂಚೆ. ಅಂಕ ಕೊಟ್ಟವರು ಸಮಿತಿಯ ಐವರು, ಬೇರೆ ಬೇರೆಯಾಗಿ. ದರ ಬಿಟ್ಟು ಉಳಿದ ಪ್ರತಿ ಸಾಲಿಗೂ ಐದರಲ್ಲಿ ನಡುವಿನ ಅಂಕ ತೆಗೆದುಕೊಂಡಿದೆ.

ಎಲ್ಲ ನಿಂತಿರುವುದು ಸರ್ವಿಸ್ ಸಾಲಿನ ಮೇಲೆ. ಎ ಕಂಪನಿಗೆ ಅಲ್ಲಿ 9ರ ಬದಲು 8 ಬಂದರೆ ಒಟ್ಟು 8.01. ಆಗ ಸಿ ಮುಂದೆ.

---

ಸ್ಲೈಡಿನ ಕೆಳಗಿನ ಟಿಪ್ಪಣಿ (ಖಜಾಂಚಿ ಮಾತನಾಡಲು)

ಎಲ್ಲರಿಗೂ ನಮಸ್ಕಾರ. ಮೊದಲು ಕೆಳಗಿನ ಸಾಲು ನೋಡಿ, ಮೇಲಿನದನ್ನು ಆಮೇಲೆ ನೋಡೋಣ. ಎ 8.21, ಸಿ 8.04, ಬಿ 7. ಬಿ ಕಂಪನಿಯದು ಎಲ್ಲಕ್ಕಿಂತ ಕಡಿಮೆ ದರ, ಆದರೂ ಕೊನೆಯಲ್ಲಿದೆ. ಅದು ಹೇಗೆ ಅಂತ ಕೇಳುತ್ತೀರಿ, ಕೇಳಲೇಬೇಕು. ಹೇಳುತ್ತೇನೆ.

ಇಲ್ಲಿ ಕಂಪನಿಯ ಹೆಸರಿಲ್ಲ. ಬೇಕೆಂದೇ ಬಿಟ್ಟಿದ್ದು. ನಮ್ಮಲ್ಲೇ ಒಬ್ಬರ ಭಾವಮೈದ ಒಂದು ಕಂಪನಿಯಲ್ಲಿದ್ದಾರೆ, ಇನ್ನೊಬ್ಬರ ಊರಿನ ಮನೆಗೆ ಇನ್ನೊಂದು ಕಂಪನಿ ಕೆಲಸ ಮಾಡಿದೆ. ಹೆಸರು ಕಂಡರೆ ಕೈ ತಾನಾಗಿ ಒಂದು ಅಂಕ ಜಾಸ್ತಿ ಹಾಕುತ್ತದೆ. ಅದಕ್ಕೇ ಕಾರ್ಯದರ್ಶಿಯವರೊಬ್ಬರೇ ಕಂಪನಿಗಳ ಜೊತೆ ಮಾತನಾಡಿ, ಕಾಗದಗಳಲ್ಲಿ ಹೆಸರು ಮುಚ್ಚಿ ನಮಗೆ ಕೊಟ್ಟರು. ಅವರು ಅಂಕ ಹಾಕಲಿಲ್ಲ.

ಕೆಲವು ವಿಷಯ ಈ ಪಟ್ಟಿಗೆ ಬಂದೇ ಇಲ್ಲ. ನ್ಯಾಷನಲ್ ಪೋರ್ಟಲ್‌ನಲ್ಲಿ ನೋಂದಣಿ ಇದೆಯಾ? ಪ್ಯಾನೆಲ್ ಭಾರತದಲ್ಲೇ ತಯಾರಾದ ಸೆಲ್‌ನದ್ದಾ? ಐದು ವರ್ಷ ನಿರ್ವಹಣೆ ಅವರದೇನಾ? ಇವು ಹೌದು-ಇಲ್ಲ ಪ್ರಶ್ನೆಗಳು. ಇಲ್ಲ ಅಂದರೆ ಪಿಎಂ ಸೂರ್ಯ ಘರ್ ಸಬ್ಸಿಡಿ ಕೈತಪ್ಪುತ್ತದೆ. ನಮ್ಮಂಥ ಅಪಾರ್ಟ್‌ಮೆಂಟಿನ ಕಾಮನ್ ಬಳಕೆಗೆ ಕಿಲೋವ್ಯಾಟಿಗೆ 18,000 ರೂಪಾಯಿ ಸಿಗುತ್ತದೆ. 40 ಕಿಲೋವ್ಯಾಟಿಗೆ 7.20 ಲಕ್ಷ. ಅಷ್ಟು ದೊಡ್ಡ ಮೊತ್ತ ಬರುತ್ತೋ ಇಲ್ಲವೋ ಅನ್ನುವುದಕ್ಕೆ ಹತ್ತಕ್ಕೆ ಆರು ಅಂಕ ಕೊಡೋಕಾಗಲ್ಲ, ಅಲ್ವಾ? ಮೂರೂ ಕಂಪನಿ ಈ ಬಾಗಿಲು ದಾಟಿಯೇ ಬಂದಿವೆ.

ಈಗ ದರದ ಸಾಲು. ಕಡಿಮೆ ದರ ಹಾಕಿದವರಿಗೆ 10. ಉಳಿದವರಿಗೆ ಕಡಿಮೆ ದರವನ್ನು ಅವರ ದರದಿಂದ ಭಾಗಿಸಿ 10ರಿಂದ ಗುಣಿಸಿದ್ದು. ಎ ಕಂಪನಿಗೆ 18.40 ಭಾಗಿಸು 21.20, ಅಂದರೆ 8.7. ಇಲ್ಲಿ ಯಾರ ಅಭಿಪ್ರಾಯವೂ ಇಲ್ಲ, ಬರೀ ಲೆಕ್ಕ. ಶೀಟ್ ವಾಟ್ಸಾಪ್ ಗುಂಪಿನಲ್ಲಿದೆ. ಒಟ್ಟು ಬಂದದ್ದು ಹೀಗೆ, ನೀವೇ ಮನೆಯಲ್ಲಿ ತೂಕ ಬದಲಾಯಿಸಿ ನೋಡಬಹುದು:

```
=SUMPRODUCT($B$2:$B$7,C2:C7)/100
```

B ಕಾಲಮ್ಮಿನಲ್ಲಿ ತೂಕ, C ಕಾಲಮ್ಮಿನಲ್ಲಿ ಎ ಕಂಪನಿಯ ಅಂಕ. ತೂಕ ಬದಲಿಸಿದರೆ ಒಟ್ಟು 100 ಆಗಿರಲಿ, ಅಷ್ಟೇ.

ದರಕ್ಕೆ 30 ಮಾತ್ರ ಯಾಕೆ ಅಂತ ಹೋದ ಸಭೆಯಲ್ಲೂ ಗಲಾಟೆಯಾಗಿತ್ತು. ಸೋಲಾರ್ ಅಂದರೆ 25 ವರ್ಷದ ಸಂಬಂಧ. ನಮ್ಮ ಕಡೆ ಒಂದು ಕಿಲೋವ್ಯಾಟಿಗೆ ದಿನಕ್ಕೆ ಸುಮಾರು 4 ಯೂನಿಟ್ ಬರುತ್ತದೆ. 40 ಕಿಲೋವ್ಯಾಟಿಗೆ 160 ಯೂನಿಟ್. ಇನ್ವರ್ಟರ್ ಕೆಟ್ಟು ಹತ್ತು ದಿನ ಯಾರೂ ಬರಲಿಲ್ಲ ಅಂದರೆ 1,600 ಯೂನಿಟ್ ಹೋಯಿತು. ಲಿಫ್ಟ್ ವಿಷಯದಲ್ಲಿ ಇದನ್ನು ನಾವು ಅನುಭವಿಸಿದ್ದೇವೆ. ಕಡಿಮೆ ದರಕ್ಕೆ ಒಬ್ಬರನ್ನು ಹಿಡಿದೆವು, ಮೂರನೇ ತಿಂಗಳಿಂದ ಫೋನು ಎತ್ತಲೇ ಇಲ್ಲ. ಐದನೇ ಮಹಡಿಯ ಅಜ್ಜಿ ಹದಿನಾಲ್ಕು ದಿನ ಕೆಳಗಿಳಿಯಲಿಲ್ಲ. ಆ ಕಾಂಟ್ರಾಕ್ಟಿಗೆ ಸಹಿ ಹಾಕಿದವನೂ ನಾನೇ.

ಬಿ ಕಂಪನಿಗೆ ಅನ್ಯಾಯವಾಯಿತಾ ಅಂತ ನಾನೂ ಪರೀಕ್ಷಿಸಿದೆ. ಉಳಿದ ಐದು ಸಾಲುಗಳ ಪಾಲು ಹಾಗೇ ಇಟ್ಟು ದರದ ತೂಕ ಮಾತ್ರ ಏರಿಸುತ್ತಾ ಹೋದೆ. 40ಕ್ಕೆ ಗೆಲ್ಲಲಿಲ್ಲ. 50ಕ್ಕೆ ಇಲ್ಲ. 60ಕ್ಕೂ ಇಲ್ಲ. 64ಕ್ಕೆ ಬಂದಾಗ ಬಿ ಮುಂದೆ ಬಂತು. ದರಕ್ಕೇ ಮೂರನೇ ಎರಡು ಭಾಗ ಕೊಡಬೇಕು ಅನ್ನುವವರು ಇದ್ದರೆ ಕೈ ಎತ್ತಿ, ಚರ್ಚೆ ಮಾಡೋಣ. ಇಲ್ಲದಿದ್ದರೆ ಬಿ ವಿಷಯ ಇಲ್ಲಿಗೆ ಬಿಡೋಣ. ಅವರ ಕೆಲಸ ಕೆಟ್ಟದ್ದು ಅಂತಲ್ಲ. ಸರ್ವಿಸನ್ನು ಬೇರೆಯವರಿಗೆ ಹೊರಗುತ್ತಿಗೆ ಕೊಟ್ಟಿದ್ದಾರೆ. ವಿಚಾರಿಸಲು ಅವರು ಹೆಸರು ಕೊಟ್ಟ ಮೂರು ಅಪಾರ್ಟ್‌ಮೆಂಟಿನಲ್ಲಿ ಎರಡು ಕಡೆಯವರು, ಸರ್ವಿಸಿನವರು ಫೋನಿಗೆ ಸಿಗಲ್ಲ ಅಂದರು. ಸ್ಟ್ಯಾಂಡ್ ನಿಲ್ಲಿಸಲು ತಾರಸಿಗೆ ತೂತು ಕೊರೆಯುತ್ತಾರೆ. ಕಳೆದ ಮಳೆಗಾಲದಲ್ಲಿ ಮೇಲಿನ ಮನೆಗಳು ಸೋರಿದ್ದು ನೆನಪಿದೆ ತಾನೇ?

ನಿಜವಾದ ಪೈಪೋಟಿ ಎ ಮತ್ತು ಸಿ ನಡುವೆ. ಇಲ್ಲಿ ನಿಧಾನವಾಗಿ ಹೋಗುತ್ತೇನೆ.

ಸಿ ಕಂಪನಿ ನಾಲ್ಕು ಸಾಲುಗಳಲ್ಲಿ ಹಿಂದಿದೆಯಾ ಮುಂದಿದೆಯಾ ನೋಡಿ. ವಾರಂಟಿ, ಅನುಭವ, ತಾರಸಿ ಕೆಲಸ, ಮೂರರಲ್ಲಿ ಮುಂದೆ. ಕಂತಿನಲ್ಲಿ ಒಂದು ಅಂಕ ಹಿಂದೆ. ಅವರ ಇನ್ವರ್ಟರಿಗೆ 10 ವರ್ಷ, ಎ ಕಂಪನಿಯದಕ್ಕೆ 8. ಅವರು ಬೆಸ್ಕಾಂ ನೆಟ್ ಮೀಟರ್ ಹಾಕಿಸಿ ಮುಗಿಸಿರುವ ಅಪಾರ್ಟ್‌ಮೆಂಟ್ 17, ಎ ಕಂಪನಿಯವರದು 11. ತಾರಸಿ ಕೊರೆಯದೆ ಕಾಂಕ್ರೀಟ್ ತೂಕದ ಕಲ್ಲಿನ ಮೇಲೆ ನಿಲ್ಲಿಸುತ್ತಾರೆ, ಸೋರಿದರೆ ನಮ್ಮ ಜವಾಬ್ದಾರಿ ಅಂತ ಬರೆದೂ ಕೊಡುತ್ತಾರೆ. ವಸ್ತು ನೋಡಿದರೆ ಸಿ ಒಳ್ಳೆಯದು. ಇದನ್ನು ಮುಚ್ಚಿಟ್ಟು ಎ ಅಂತ ಹೇಳುವುದು ನನಗೆ ಇಷ್ಟವಿಲ್ಲ.

ಎ ಮುಂದೆ ಬಂದದ್ದು ಎರಡೇ ಕಾರಣಕ್ಕೆ. 2.40 ಲಕ್ಷ ಕಡಿಮೆ. ಮತ್ತೆ ಸರ್ವಿಸ್. ಅವರ ಸ್ವಂತ ಟೆಕ್ನಿಷಿಯನ್‌ಗಳು ನಗರದಲ್ಲೇ ಇದ್ದಾರೆ. ಕಾರ್ಯದರ್ಶಿ ಫೋನು ಮಾಡಿದ ನಾಲ್ಕು ಅಪಾರ್ಟ್‌ಮೆಂಟಿನವರೂ ಮಾರನೇ ದಿನ ಬರ್ತಾರೆ ಅಂದರು. ಸಿ ಕಂಪನಿಯವರು ಬೇರೆ ಊರಿಂದ ಬರಬೇಕು, ಮೂರು ದಿನ ಹಿಡಿಯುತ್ತದೆ.

ಆದರೆ ಆ 9 ಗಟ್ಟಿಯಾಗಿಲ್ಲ. ಐವರ ಅಂಕ 8, 8, 9, 9, 10. ಇನ್ನೊಬ್ಬರು 8 ಹಾಕಿದ್ದರೆ ನಡುವಿನ ಅಂಕ 8, ಆಗ ಸಿ ಗೆದ್ದಿರುತ್ತಿತ್ತು. ತೂಕ ಬದಲಿಸಿದರೂ ಅಷ್ಟೇ. ದರಕ್ಕೆ 20, ವಾರಂಟಿಗೆ 30 ಕೊಟ್ಟರೆ ಎ 8.14, ಸಿ 8.16. ಒಂದು ಕಡೆ ಮಾತ್ರ ಎ ಕಂಪನಿಗೆ ಬಲ ಬರುತ್ತದೆ: ಸಬ್ಸಿಡಿ ಕಳೆದ ದರದಲ್ಲಿ ಲೆಕ್ಕ ಹಾಕಿದರೆ ಎ 8.00, ಸಿ 7.74. ಕವರ್ ತೆರೆಯುವ ಮುಂಚೆ ಸಬ್ಸಿಡಿ ಕಳೆಯದ ದರ ಅಂತ ಒಪ್ಪಿದ್ದೆವು, ಹಾಗಾಗಿ ಸ್ಲೈಡಿನಲ್ಲಿ ಅದನ್ನೇ ಇಟ್ಟಿದ್ದೇನೆ. ಗೆಲ್ಲಬೇಕಾದವರಿಗೆ ತಕ್ಕಂತೆ ಲೆಕ್ಕ ಬದಲಿಸುವ ಕೆಲಸ ಬೇಡ.

ಹೀಗಾಗಿ ಸಮಿತಿ ಎ ಕಂಪನಿಯನ್ನು ಸುಮ್ನೆ ಒಪ್ಪಿಲ್ಲ. ಅವರನ್ನು ಮುಂದೆ ತಂದ ಆ ಸರ್ವಿಸ್ ಮಾತನ್ನು ಒಪ್ಪಂದದಲ್ಲಿ ಬರೆಸಿ ಅಂತ ಹೇಳಿದೆ. ಬರೆಯಲು ಒಪ್ಪದಿದ್ದರೆ 9 ಅನ್ನೋದು ನಮ್ಮ ಊಹೆ ಅಷ್ಟೇ ಅಂತಾಯಿತು. ಆಗ ಸಿ.

ಪ್ರಶ್ನೆ ಬಂದರೆ

*ಕಂತಿಗೆ ಬರೀ 5 ಯಾಕೆ?* ಮುಂಗಡ ಬಿ 20%, ಎ 30%, ಸಿ 40% ಕೇಳಿದ್ದಾರೆ. ಇದು ಮಾತನಾಡಿ ಇಳಿಸಬಹುದಾದ ವಿಷಯ. ಇಳಿಸಲಾಗದ್ದಕ್ಕೆ ತೂಕ ಜಾಸ್ತಿ ಕೊಟ್ಟೆವು.

*ತಾರಸಿಯಲ್ಲಿ ಬಟ್ಟೆ ಒಣಗಿಸಲು ಜಾಗ ಉಳಿಯುತ್ತದಾ?* 40 ಕಿಲೋವ್ಯಾಟಿಗೆ ನೆರಳು ಬೀಳದ ಸುಮಾರು 4,000 ಚದರ ಅಡಿ ಬೇಕು. ಟ್ಯಾಂಕಿನ ಪಕ್ಕದ ಭಾಗ ಬಿಟ್ಟಿದ್ದೇವೆ. ಹಗ್ಗಗಳು ಅಲ್ಲೇ ಇರುತ್ತವೆ. (ಈ ಪ್ರಶ್ನೆ ಬಂದೇ ಬರುತ್ತದೆ. ನಕ್ಷೆ ಸ್ಲೈಡ್ 6ರಲ್ಲಿದೆ, ಕೂಡಲೇ ತೋರಿಸುವುದು.)

*ಒಂದು ಸಲ ಸಿ ಕಂಪನಿಯನ್ನು ದರ ಇಳಿಸಲು ಕೇಳಬಾರದಿತ್ತಾ?* ಕವರ್ ತೆರೆದ ಮೇಲೆ ಒಬ್ಬರನ್ನು ಮಾತ್ರ ಕರೆದು ಮಾತನಾಡಿದರೆ ಉಳಿದಿಬ್ಬರಿಗೆ ಮೋಸ. ಸಭೆ ಒಪ್ಪಿದರೆ ಮೂವರನ್ನೂ ಒಂದೇ ದಿನ ಕರೆಯೋಣ.

ಸಭೆಯ ಮುಂದಿಡುವ ನಿರ್ಣಯ (ಓದಿ ಹೇಳುವುದು)

ತಾರಸಿ ಸೋಲಾರ್ ಕೆಲಸವನ್ನು 21.20 ಲಕ್ಷ ರೂಪಾಯಿಗೆ ಎ ಕಂಪನಿಗೆ ಕೊಡುವುದು. ದೂರು ಕೊಟ್ಟ 48 ಗಂಟೆಯೊಳಗೆ ಟೆಕ್ನಿಷಿಯನ್ ಬರಬೇಕು, ಬರದಿದ್ದರೆ ತಡವಾದ ಪ್ರತಿ ದಿನಕ್ಕೆ 1,500 ರೂಪಾಯಿ ದಂಡ ಎಂದು ಒಪ್ಪಂದದಲ್ಲಿ ಇರಬೇಕು. ಒಟ್ಟು ಮೊತ್ತದ 10% ಅನ್ನು ನೆಟ್ ಮೀಟರ್ ಚಾಲೂ ಆಗಿ ಒಂದು ವರ್ಷದ ತನಕ ಸಂಘ ಹಿಡಿದಿಟ್ಟುಕೊಳ್ಳುವುದು. ಹತ್ತು ದಿನದೊಳಗೆ ಎ ಕಂಪನಿ ಇದಕ್ಕೆ ಸಹಿ ಹಾಕದಿದ್ದರೆ, ಇದೇ ಷರತ್ತುಗಳ ಮೇಲೆ ಸಿ ಕಂಪನಿಯನ್ನು ಕರೆಯಲು ಸಮಿತಿಗೆ ಅಧಿಕಾರ ಕೊಡುವುದು. ಅದಕ್ಕೆ ಮತ್ತೆ ಸಭೆ ಕರೆಯಬೇಕಿಲ್ಲ.

ಕೈ ಎತ್ತಿಸಿ ಎಣಿಸಿದ ಮೇಲೆಯೇ ಕಾರ್ಯದರ್ಶಿಯವರು ಹೆಸರಿನ ಕವರ್ ತೆರೆಯುವುದು.