ಬಟ್ಟೆ ಬದಲಿಸಲು ಕೊಟ್ಟ ಫೋಟೋದಲ್ಲಿ ಮುಖವೂ ಮೈಬಣ್ಣವೂ ಬದಲಾದ ಬಗ್ಗೆ ದೂರು

ಬದಿಯಡ್ಕ, ಕಾಸರಗೋಡು ಜಿಲ್ಲೆ
9 ಮಾರ್ಚ್ 2026

ದೂರು ಪರಿಹಾರ ಅಧಿಕಾರಿಯವರಿಗೆ,

ಮಾನ್ಯರೇ,

ನಾನು ಇಲ್ಲಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಗಣಿತದ ಟೀಚರ್. ಈ ಮೇ ತಿಂಗಳಿಗೆ ನಿವೃತ್ತಿ. ವಾರ್ಷಿಕೋತ್ಸವದ ದಿನವೇ ಬೀಳ್ಕೊಡುಗೆ ಎಂದು ನಿಶ್ಚಯವಾಗಿ, ಫ್ಲೆಕ್ಸಿಗೂ ಸ್ಮರಣ ಸಂಚಿಕೆಗೂ ಫೋಟೋ ಕೇಳಿದರು. ಚೆನ್ನಾಗಿ ಬಂದದ್ದು ಅಂತ ನನ್ನ ಹತ್ತಿರ ಇದ್ದದ್ದು ಒಂದೇ, ಕಳೆದ ಮಳೆಗಾಲದಲ್ಲಿ ಶಾಲೆಯ ಜಗಲಿಯಲ್ಲಿ ಕೊಡೆ ಹಿಡಿದು ನಿಂತದ್ದು. ಮೈಮೇಲೆ ಮಾತ್ರ ಬಣ್ಣ ಮಾಸಿದ ಚೂಡಿದಾರ. ಅದನ್ನು ಸೀರೆ ಮಾಡಬಹುದು ಎಂದು ಅಣ್ಣನ ಮಗ ನಿಮ್ಮ ಆ್ಯಪ್ ಹಾಕಿಕೊಟ್ಟ. ಫೆಬ್ರವರಿ 17ರಂದು 499 ರೂಪಾಯಿ ಕೊಟ್ಟು ಒಂದು ತಿಂಗಳ ಚಂದಾ ತೆಗೆದುಕೊಂಡೆ.

‘ಉಡುಪು ಬದಲಿಸಿ’ ಒತ್ತಿ, ಕುತ್ತಿಗೆಯಿಂದ ಕೆಳಗಿನ ಬಟ್ಟೆಯನ್ನಷ್ಟೇ ಬೆರಳಿನಲ್ಲಿ ತೀಡಿ ಗುರುತು ಮಾಡಿದೆವು. ‘ತಿಳಿಹಸಿರು ಕಾಸರಗೋಡು ಸೀರೆ’ ಎಂದು ಬರೆದೆವು. ಬಂದದ್ದು ಮಿರಿಮಿರಿ ಮಿಂಚುವ ರೇಷ್ಮೆ. ಕಾಸರಗೋಡು ಸೀರೆ ಎಂದರೆ ಹತ್ತಿಯದ್ದು ಎಂಬುದು ನಿಮ್ಮ ಯಂತ್ರಕ್ಕೆ ಗೊತ್ತಿಲ್ಲ, ಇರಲಿ. ಅಷ್ಟಕ್ಕೇ ಆಗಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ.

ಮೊಬೈಲಿನ ಸಣ್ಣ ಪರದೆಯಲ್ಲಿ, ಕನ್ನಡಕ ಇಲ್ಲದೆ, ‘ಆಯಿತು, ಕಳಿಸು’ ಎಂದೆ. ಅದು ನನ್ನ ತಪ್ಪು. ಹುಡುಗ ಅಲ್ಲಿಂದಲೇ ಫ್ಲೆಕ್ಸಿನವರಿಗೆ ಕಳಿಸಿದ. ಮರುದಿನ ಗೇಟಿನ ಹತ್ತಿರ ಆರಡಿ ಎತ್ತರದ ಫ್ಲೆಕ್ಸ್ ಎದ್ದಿತ್ತು. ಐದನೇ ಕ್ಲಾಸಿನ ಹುಡುಗಿಯೊಬ್ಬಳು ಅದನ್ನೂ ನನ್ನನ್ನೂ ಎರಡೆರಡು ಸಲ ನೋಡಿ, ‘ಟೀಚರೇ, ಇದು ನಿಮ್ಮ ತಂಗಿಯಾ?’ ಎಂದು ಕೇಳಿದಳು. ನನಗೆ ತಂಗಿ ಇಲ್ಲ.

ಎಂಟನೇ ವಯಸ್ಸಿನಲ್ಲಿ ಸೀತಾಳೆ ಸಿಡುಬು ಬಂದಾಗ ಎಡ ಹುಬ್ಬಿನ ಮೇಲೆ ಉಳಿದ ಕಲೆ ಅಲ್ಲಿ ಇರಲಿಲ್ಲ. ಮೂಗು ಸಪೂರ ಆಗಿತ್ತು. ಮೂಗುಬೊಟ್ಟು ಎಡದಿಂದ ಬಲಕ್ಕೆ ಹೋಗಿತ್ತು. ಕಿವಿಯ ಹತ್ತಿರದ ನರೆ ಮಾಯ. ಎಲ್ಲಕ್ಕಿಂತ ಮುಖ್ಯ, ನಾನು ಕಪ್ಪು, ಫ್ಲೆಕ್ಸಿನಲ್ಲಿದ್ದವಳು ಬಿಳಿ. ಕೊಡೆ ಹಿಡಿದ ಕೈಯನ್ನು ಮಾತ್ರ ನಿಮ್ಮ ಯಂತ್ರ ಮುಟ್ಟಿರಲಿಲ್ಲ. ಮಣಿಕಟ್ಟಿನವರೆಗೆ ಅದು ನನ್ನದೇ ಕೈ, ನನ್ನದೇ ಬಣ್ಣ, ಸೀಮೆಸುಣ್ಣ ಹಿಡಿದು ದಡ್ಡುಗಟ್ಟಿದ ಬೆರಳು ಸಮೇತ. ಯಾರದೋ ಮುಖಕ್ಕೆ ನನ್ನ ಕೈ ಜೋಡಿಸಿದ ಹಾಗೆ ಕಾಣುತ್ತಿತ್ತು.

ಲೆಕ್ಕದ ಟೀಚರ್ ಆದ ಕಾರಣ ಸುಮ್ಮನಿರಲು ಆಗಲಿಲ್ಲ. ಎರಡೂ ಫೋಟೋಗಳನ್ನು ಒಂದೇ ಅಳತೆಯಲ್ಲಿ ಪ್ರಿಂಟ್ ತೆಗೆಸಿ ಸ್ಕೇಲ್ ಇಟ್ಟು ನೋಡಿದೆ. ದವಡೆಯ ಅಗಲ ಮೂಲದಲ್ಲಿ 11.2 ಸೆಂಟಿಮೀಟರ್, ನಿಮ್ಮದರಲ್ಲಿ 10.4. ಅಂದರೆ ಇದು ಬೆಳಕಿನ ವ್ಯತ್ಯಾಸ ಅಲ್ಲ, ಮುಖವನ್ನೇ ಹೊಸತಾಗಿ ಬರೆಯಲಾಗಿದೆ.

ನಿಮ್ಮ ಚಾಟಿನವರಿಗೆ ತಿಳಿಸಿದಾಗ ‘ಬ್ಯೂಟಿ ಫಿಲ್ಟರ್ ಆಫ್ ಮಾಡಿ’ ಎಂದರು. ಅದು ಮೊದಲೇ ಆಫ್ ಇತ್ತು, ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. ಮತ್ತೆ ಮೂರು ಸಲ ಮಾಡಿ ನೋಡಿದೆವು. ಮೂರು ಸಲವೂ ಮೂರು ಬೇರೆ ಹೆಂಗಸರು ಬಂದರು, ಮೂವರೂ ನನಗಿಂತ ಬೆಳ್ಳಗೆ. ಒಮ್ಮೆಯಾದರೂ ನನಗಿಂತ ಕಪ್ಪಗಿನವಳು ಬಂದಿದ್ದರೆ ಯಂತ್ರಕ್ಕೆ ಬಣ್ಣ ತಿಳಿಯುವುದಿಲ್ಲ ಎಂದುಕೊಳ್ಳುತ್ತಿದ್ದೆ. ಒಳ್ಳೆಯ ಸೀರೆ ಉಟ್ಟವಳು ಬೆಳ್ಳಗೇ ಇರಬೇಕು ಎಂದು ಅದಕ್ಕೆ ಕಲಿಸಿದವರು ಯಾರು?

ಗುರುತು ಮಾಡಿದ ಜಾಗದ ಹೊರಗೆ ಮೂಲ ಚಿತ್ರವನ್ನೇ ಮತ್ತೆ ಕೂರಿಸಿದರೆ ಮುಖ ಹೇಗಿತ್ತೋ ಹಾಗೇ ಉಳಿಯುತ್ತದೆ. ಅಣ್ಣನ ಮಗ ಕಂಪ್ಯೂಟರಿನಲ್ಲಿ ಹತ್ತು ನಿಮಿಷದಲ್ಲಿ ಅದನ್ನು ಮಾಡಿ ತೋರಿಸಿದ. ದುಡ್ಡು ತೆಗೆದುಕೊಳ್ಳುವ ನೀವು ಯಾಕೆ ಮಾಡುವುದಿಲ್ಲ ಎಂಬುದಕ್ಕೆ ನನಗೆ ಉತ್ತರ ಬೇಕು.

ಚಂದಾದ 499 ರೂಪಾಯಿಯನ್ನೂ ಫ್ಲೆಕ್ಸ್ ಮತ್ತೆ ಮಾಡಿಸಲು ತಗಲಿದ 850 ರೂಪಾಯಿಯನ್ನೂ ಹಿಂದಿರುಗಿಸಿ. ನನ್ನ ಮೂಲ ಫೋಟೋವನ್ನೂ ಅದರಿಂದ ಹುಟ್ಟಿದ ನಾಲ್ಕು ಹೆಂಗಸರನ್ನೂ ನಿಮ್ಮ ಸರ್ವರಿನಿಂದ ಅಳಿಸಿ, ಅಳಿಸಿದ್ದೇವೆ ಎಂದು ಬರೆದು ಕೊಡಿ. ಮುಖ ಬದಲಾಗಬಹುದು ಎಂಬ ಎಚ್ಚರಿಕೆಯನ್ನು, ಸರಿಪಡಿಸುವವರೆಗಾದರೂ, ಆ ಗುಂಡಿಯ ಪಕ್ಕದಲ್ಲೇ ಕನ್ನಡದಲ್ಲಿ ಹಾಕಿ.

2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ, ಆಮೇಲೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆಯಂತೆ ನಾನು ವಾಸವಿರುವ ಊರಿನಲ್ಲೇ ದೂರು ಕೊಡಬಹುದು. ಜೂನ್‌ನಿಂದ ನನಗೆ ಪುರುಸೊತ್ತೂ ಇದೆ.

ಸ್ಮರಣ ಸಂಚಿಕೆಗೆ ಚೂಡಿದಾರದ ಫೋಟೋವನ್ನೇ ಕೊಟ್ಟಿದ್ದೇನೆ.

ಇತಿ,
ಸುಮಿತ್ರಾ ಕೆ.

ಲಗತ್ತು: ಮೂಲ ಫೋಟೋ, ಬದಲಾದ ನಾಲ್ಕು ಫೋಟೋಗಳು, ಫಿಲ್ಟರ್ ಆಫ್ ಇರುವ ಸ್ಕ್ರೀನ್‌ಶಾಟ್, ಚಂದಾ ಕಟ್ಟಿದ ರಶೀದಿ, ಫ್ಲೆಕ್ಸಿನ ಬಿಲ್ಲು