ಉತ್ತರ ಬೇಡ, ಓದಿದರೆ ಸಾಕು

ಸೋಮವಾರ ಸಂಜೆ
ನೀನು ಆಸ್ಪತ್ರೆಯಿಂದ ಮನೆಗೆ ಬಂದೆ ಅಂತ ನಿಮ್ಮಮ್ಮ ಹೇಳಿದರು. ಹೋದ ಜೀವ ಬಂದ ಹಾಗಾಯಿತು ಕಣೇ. ಆಕ್ಸಿಡೆಂಟ್ ಹೇಗಾಯಿತು, ಯಾರದು ತಪ್ಪು ಅಂತ ನಾನು ಕೇಳುವುದಿಲ್ಲ. ಬಂದವರಿಗೆಲ್ಲ ಅದನ್ನೇ ಹೇಳಿ ನಿನಗೆ ಸಾಕಾಗಿರುತ್ತದೆ. ನಿನಗೇ ಹೇಳಬೇಕು ಅನ್ನಿಸಿದ ದಿನ ಹೇಳು. ಈಗ ಸುಮ್ನೆ ಮಲಗು.

ಮಂಗಳವಾರ ಬೆಳಗ್ಗೆ
ಏನಾದರೂ ಬೇಕಿದ್ದರೆ ಹೇಳು ಅಂದರೆ ನೀನು ಬಾಯಿ ಬಿಡುವವಳಲ್ಲ. ಅದಕ್ಕೆ ನಾನೇ ತೀರ್ಮಾನ ಮಾಡಿದ್ದೇನೆ. ಗುರುವಾರ ಎಕ್ಸ್‌ರೇಗೆ ಹೋಗಬೇಕಲ್ಲ, 9 ಗಂಟೆಗೆ ಕಾರು ತರುತ್ತೇನೆ. ಹಿಂದಿನ ಸೀಟು ಪೂರ್ತಿ ನಿನಗೇ. ಕಾಲು ಚಾಚಿ ಕೂರು, ಕೆಳಗಿಡಲು ಎರಡು ದಿಂಬು ತರುತ್ತೇನೆ. ನಿಧಾನವಾಗಿಯೇ ಓಡಿಸುತ್ತೇನೆ. ಹಂಪ್ ಬಂದರೆ ಮೊದಲೇ ಹೇಳುತ್ತೇನೆ. ರಸ್ತೆ ನೋಡಿ ಎದೆ ಢವಢವ ಅಂದರೆ ಹೇಳು, ಪಕ್ಕಕ್ಕೆ ನಿಲ್ಲಿಸೋಣ. ಅವಸರ ಏನಿಲ್ಲ. ದಾರಿಯಲ್ಲಿ ನಾನು ಹಾಡುವುದಿಲ್ಲ, ನೀನು ಈಗಾಗಲೇ ಸಾಕಷ್ಟು ನೋವು ತಿಂದಿದ್ದೀಯ.

ಮಂಗಳವಾರ ರಾತ್ರಿ
ಇನ್ನೊಂದು ವಿಷಯ. ಡಿಸ್ಚಾರ್ಜ್ ಸಮ್ಮರಿ, ಒರಿಜಿನಲ್ ಬಿಲ್ಲು, ಔಷಧಿ ಚೀಟಿ, ಪೊಲೀಸ್ ದೂರಿನ ನಕಲು, ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಲು ಅಮ್ಮನಿಗೆ ಹೇಳು. ಜೋಡಿಸುವುದು ಬೇಡ, ಆ ಕೆಲಸ ನನ್ನದು. ಝೆರಾಕ್ಸ್ ಮಾಡಿಸಿ, ಇನ್ಶೂರೆನ್ಸ್ ಫಾರಂ ತುಂಬಿ ತರುತ್ತೇನೆ. ಸಹಿ ಮಾತ್ರ ನಿನ್ನದು. ಬಲಗೈಗೆ ಏನೂ ಆಗಿಲ್ಲ ಅಲ್ವಾ, ತಪ್ಪಿಸಿಕೊಳ್ಳುವ ಹಾಗಿಲ್ಲ.

ಬುಧವಾರ
ಪ್ಲಾಸ್ಟರ್ ಒಳಗೆ ತುರಿಕೆ ಅಂದೆಯಲ್ಲ. ದಯವಿಟ್ಟು ಸ್ಕೇಲು ತೂರಿಸಬೇಡ ಮಾರಾಯ್ತಿ. ಒಳಗೆ ಗಾಯವಾದರೆ ಕಾಣುವುದೂ ಇಲ್ಲ. ಸಂಜೆ ನನ್ನ ಹೇರ್ ಡ್ರೈಯರ್ ತರುತ್ತೇನೆ, ತಣ್ಣನೆ ಗಾಳಿ ಬಿಟ್ಟು ನೋಡೋಣ. ಆದರೆ ಕಾಲ್ಬೆರಳು ಮರಗಟ್ಟಿದರೆ, ನೀಲಿಯಾದರೆ, ನೋವು ಒಂದೇ ಸಮನೆ ಜಾಸ್ತಿಯಾಗುತ್ತಾ ಹೋದರೆ ನಾಳೆಗೆ ಕಾಯಬೇಡ. ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡು, ಆಸ್ಪತ್ರೆಗೆ ಹೊರಟುಬಿಡೋಣ. ನಿದ್ದೆ ಕೆಡುತ್ತದೆ ಅಂತ ಸಂಕೋಚ ಪಟ್ಟರೆ ಜಗಳ ಆಡುತ್ತೇನೆ.

ಗುರುವಾರ ರಾತ್ರಿ
ಡಾಕ್ಟರ್ ಇನ್ನೂ 6 ವಾರ ಅಂದಾಗ ನಿನ್ನ ಮುಖ ನೋಡಿದೆ. ಬೇಜಾರಾಗದೆ ಇರುತ್ತದೆಯೇ? ಅತ್ತರೂ ಸರಿ, ಬೈದರೂ ಸರಿ. ಧೈರ್ಯದ ಮುಖ ಹಾಕಿಕೊಂಡು ಕೂರಬೇಕಾಗಿಲ್ಲ, ನನ್ನ ಮುಂದಂತೂ ಬೇಡ.

ಶುಕ್ರವಾರ
ಗ್ಯಾರೇಜಿಗೆ ಹೋಗಿ ಬಂದೆ. ಇನ್ಶೂರೆನ್ಸಿನವರು ನೋಡುವವರೆಗೆ ಗಾಡಿಗೆ ಕೈ ಹಚ್ಚಬೇಡಿ ಅಂತ ಹೇಳಿದ್ದೇನೆ. ಎಲ್ಲ ಕಡೆಯಿಂದ ಫೋಟೋನೂ ತೆಗೆದಿದ್ದೇನೆ. ನೀನಾಗಿ ಕೇಳುವವರೆಗೆ ಕಳಿಸುವುದಿಲ್ಲ. ಹೆಲ್ಮೆಟ್ಟಿಗೆ ಇನ್ನು ರಿಟೈರ್‌ಮೆಂಟ್. ಅಷ್ಟು ಏಟು ತಿಂದದ್ದನ್ನು ಮತ್ತೆ ಹಾಕಬಾರದು.

ನಾಳೆ 4ರಿಂದ 6ರವರೆಗೆ ನಿನ್ನ ಹತ್ತಿರ ನಾನಿರುತ್ತೇನೆ. ಅಮ್ಮ ಮಲಗಲಿ, ಇಲ್ಲವೇ ಹೊರಗೆ ಹೋಗಿ ಬರಲಿ, ಅವರಿಷ್ಟ. ಬರುವಾಗ ದೊಡ್ಡ ಪ್ಲಾಸ್ಟಿಕ್ ಕವರ್, ಟೇಪು ತರುತ್ತೇನೆ. ಪ್ಲಾಸ್ಟರಿಗೆ ನೀರು ತಾಗದ ಹಾಗೆ ಕಟ್ಟಿ ನಿನ್ನ ತಲೆ ತೊಳೆಯೋಣ. ಬೇಕು ಅನ್ನಿಸಿದರೆ ಒಂದು ಹೆಬ್ಬೆರಳು ಕಳಿಸು. ಬೇಡ ಅನ್ನಿಸಿದರೆ ಏನೂ ಕಳಿಸಬೇಡ, ಸುಮ್ನೆ ಕೂತು ಹರಟೋಣ.